ಲೈಬ್ರರಿ ಫಲಕಕ್ಕ ನಾಲ್ಕು ಸಾಲು ಬೇಕಾಗ್ಯಾವ, ತಿದ್ದಿ ಕೊಡ್ರಿ

ಕಾಗಿಣಾ ದಂಡಿ
ಎಲ್ಲರಿಗೂ ಶರಣು. ನಮ್ಮಪ್ಪ ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಾಗ ಓದಿದವ್ರು, 1974ರಾಗ ಎಸ್ಸೆಸ್ಸೆಲ್ಸಿ ಮುಗಿಸಿದವ್ರು. ರಿಟೈರ್ ಆದಮ್ಯಾಲ ಅದೇ ಸಾಲಿಗಿ ಒಂದು ಲೈಬ್ರರಿ ರೂಮು ಕಟ್ಟಿಸಿ, ಪುಸ್ತಕ, ಟೇಬಲ್ ಎಲ್ಲಾ ಕೊಡಿಸಿದ್ರು. ಉದ್ಘಾಟನೆ ಆಗೋದ್ರಾಗ ತೀರಿಕೊಂಡ್ರು. ಈಗ ಬಾಗಿಲ ಪಕ್ಕ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಪ್ಪು ಗ್ರಾನೈಟ್ ಕಲ್ಲು ಕೂಡಸೋದದ. ಮ್ಯಾಲ ಹೆಸರು, ಕೆಳಗ ನಾಲ್ಕು ಸಾಲಿನ ಪದ್ಯ. ನಾ ಬರದಿದ್ದು ಹಿಂಗದ:

ಜ್ಞಾನದ ದೀಪ ಬೆಳಗಿಸಿದ ಧೀಮಂತ ಚೇತನ
ವಿದ್ಯಾದಾನ ಮಾಡಿದ ಮಹಾನ್ ವ್ಯಕ್ತಿತ್ವ
ನಿಮ್ಮ ನೆನಪು ಸದಾ ನಮ್ಮ ಹೃದಯದಲ್ಲಿ
ಅಮರವಾಗಿರಲಿ ನಿಮ್ಮ ಈ ಕೊಡುಗೆ

ಓದಿದ್ರ ಏನೋ ಕಮ್ಮಿ ಅನಸ್ತದ. ಬಲ್ಲವ್ರು ಹೇಳ್ರಿ.

ತೊಗರಿ ಕಣಜ
ಬಾಳ ಚೊಲೋ ಕೆಲಸ ಮಾಡ್ಯಾರ ನಿಮ್ಮ ಅಪ್ಪಾಜಿ. ನಮ್ಮೂರ ಸಾಲ್ಯಾಗೂ ಲೈಬ್ರರಿ ಇಲ್ಲ ನೋಡ್ರಿ. ಅರ್ಜಿ ಯಾರಿಗಿ ಕೊಡಬೇಕು? ಪುಸ್ತಕ ಹಳೇವಿದ್ರೂ ನಡೀತದ.

ಬಿದ್ರಿ ಹೂಜಿ
ಅಣ್ಣಾ, ಪದ್ಯ ಅಂದಮ್ಯಾಲ ಲೆಕ್ಕ ಇರಬೇಕು. ನಿಮ್ಮ ಮೊದಲನೇ ಸಾಲಿನಾಗ 16 ಅಕ್ಷರ, ಕಡೀ ಸಾಲಿನಾಗ 13. ಎಲ್ಲಾ ಸಾಲಿನಾಗೂ ಅಕ್ಷರ ಸಮ ಮಾಡ್ರಿ. ಆಮ್ಯಾಲ ಸಾಲಿನ ಕಡೀಗಿ ಪ್ರಾಸ ಕೂಡಸ್ರಿ, ‘ಚೇತನ’ಕ್ಕ ‘ಜೀವನ’, ‘ಪಾವನ’ ಹಂಗ. ತಂತಾನೇ ಪದ್ಯ ಆಗ್ತದ.

ನಿವೃತ್ತ ಕನ್ನಡ ಮಾಸ್ತರ
ಬೀದರಿನವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಲೆಕ್ಕ ಬೇಕು, ಆದರೆ ಅದು ಅಕ್ಷರದ ಲೆಕ್ಕವಲ್ಲ. ಸಾಲಿಗೆ ಇಷ್ಟೇ ಅಕ್ಷರ ಎಂದು ಕಟ್ಟುವುದು ಸಂಸ್ಕೃತದ ವೃತ್ತಗಳಲ್ಲಿ. ಚೌಪದಿಯಲ್ಲಿ ನಾವು ಎಣಿಸುವುದು ಮಾತ್ರೆ. ‘ಬೀಗ’ ಎಂಬಲ್ಲಿ ಅಕ್ಷರ ಎರಡೇ, ಆದರೆ ‘ಬೀ’ ಎಳೆದು ಹೇಳುವುದರಿಂದ ಮಾತ್ರೆ ಮೂರು. ಒತ್ತಕ್ಷರದ ಹಿಂದಿನ ಅಕ್ಷರವೂ ಎರಡು ಮಾತ್ರೆ ತಿನ್ನುತ್ತದೆ, ಸೊನ್ನೆ ಇರುವ ಅಕ್ಷರವೂ ಹಾಗೆಯೇ. ಪ್ರಾಸವನ್ನು ಕೊನೆಯಲ್ಲೇ ಇಡಬೇಕೆಂದೂ ಇಲ್ಲ. ನಮ್ಮ ಹಳೆಯ ಪದ್ಧತಿಯಲ್ಲಿ ಪ್ರಾಸ ಕೂರುವುದು ಸಾಲಿನ ಎರಡನೆಯ ಅಕ್ಷರದಲ್ಲಿ.

ಆದರೆ ತಮ್ಮಾ, ನಿನ್ನ ಪದ್ಯದ ತೊಂದರೆ ಛಂದಸ್ಸಿನದಲ್ಲ. ಅದನ್ನು ಬೇರೆ ಯಾರ ಹೆಸರಿನ ಕೆಳಗೆ ಹಾಕಿದರೂ ನಡೆಯುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಬರೆಸಿದರೂ ಯಾರೂ ಏನೂ ಕೇಳುವುದಿಲ್ಲ. ನಿಮ್ಮ ತಂದೆಗೂ ಆ ಶಾಲೆಗೂ ಮಾತ್ರ ಸೇರಿದ ಒಂದು ಸಂಗತಿ ಹೇಳು, ಪದ್ಯ ಅಲ್ಲಿಂದ ಹುಟ್ಟಬೇಕು.

ಕಾಗಿಣಾ ದಂಡಿ
ಸರ, ಒಂದು ಮಾತ ಅದ. ಅಪ್ಪ ಓದೋ ಕಾಲಕ್ಕ ಸಾಲ್ಯಾಗ ಲೈಬ್ರರಿ ಅಂದ್ರ ಒಂದು ಕಬ್ಬಣದ ಕಪಾಟು, ಅಷ್ಟೇ. ಆಫೀಸ್ ರೂಮಿನಾಗ ಇರ್ತಿತ್ತು, ಗಾಜಿನ ಬಾಗಿಲ, ಯಾವಾಗ್ಲೂ ಬೀಗ. ಕಿಲಿ ಯಾರ ಹತ್ರ ಅದ ಅಂತ ಯಾರಿಗೂ ಗೊತ್ತಿರ್ತಿರಲಿಲ್ಲಂತ. ಆಫೀಸಿನ ಬಾಗಿಲಾಗ ನಿಂತು ಗಾಜಿನೊಳಗಿಂದ ಪುಸ್ತಕದ ಬೆನ್ನಮ್ಯಾಲಿನ ಹೆಸರು ಓದ್ತಿದ್ರಂತ. ಆ ಹೆಸರು ಕಡೀತನಕ ಬಾಯಿಪಾಠ ಹೇಳ್ತಿದ್ರು, ಒಳಗ ಏನದ ಅಂತ ಗೊತ್ತಿಲ್ಲದೇ. ಅದಕ್ಕ ಈ ರೂಮಿಗಿ ತಂದಿದ್ದು ಬರೇ ತೆರೆದ ರ‍್ಯಾಕು. ‘ಇಲ್ಲಿ ಯಾವ ಕಪಾಟಿಗೂ ಬೀಗ ಹಾಕಬ್ಯಾಡ್ರಿ’ ಅಂದಿದ್ರು.

ನಿವೃತ್ತ ಕನ್ನಡ ಮಾಸ್ತರ
ಇದನ್ನು ಇಟ್ಟುಕೊಂಡು ಜ್ಞಾನದೀಪ ಹುಡುಕುತ್ತಾ ಹೋಗಿದ್ದೆಯಲ್ಲಪ್ಪಾ! ನಿನ್ನ ಪದ್ಯ ಬೀಗದಲ್ಲೇ ಇದೆ. ಪ್ರಾಸವೂ ಅಲ್ಲೇ ಇದೆ. ಬೀಗ, ಬಾಗಿಲು, ಈಗ, ಹೋಗು. ನಾಲ್ಕರಲ್ಲೂ ಮೊದಲ ಅಕ್ಷರ ದೀರ್ಘ, ಎರಡನೆಯದು ಗಕಾರ. ಮೊದಲ ಅಕ್ಷರ ಒಂದು ಸಾಲಿನಲ್ಲಿ ದೀರ್ಘ, ಇನ್ನೊಂದರಲ್ಲಿ ಹ್ರಸ್ವ ಆಗಬಾರದು ಎಂಬ ಕಟ್ಟಳೆ ಇದೆ, ಇಲ್ಲಿ ಅದೂ ಸಲೀಸು. ಎರಡನೆಯ ಅಕ್ಷರದ ಸ್ವರ ಬದಲಾದರೆ ಚಿಂತೆಯಿಲ್ಲ, ಗ, ಗಿ, ಗು ಯಾವುದಿದ್ದರೂ ಕಿವಿಗೆ ಒಂದೇ ಪ್ರಾಸ. ಯಾರಾದರೂ ಒಂದು ಸಾಲು ಕಟ್ಟಿ ನೋಡಿ.

ಸುರಪುರದಾಕಿ
ನಾ ಹೈಸ್ಕೂಲ್ ಕನ್ನಡ ಟೀಚರ್. ನಾಲ್ಕು ನಾಲ್ಕು ಮಾತ್ರೆಯ ನಡಿಗೆ ಹುಡುಗ್ರ ಬಾಯಿಗಿ ಸುಲಭ ಅಂತ ಹಿಂಗ ಮಾಡೀನಿ:

ಬೀಗದ / ಬೀರುವಿ / ನೊಳಗಿನ / ಪುಸ್ತಕ

ಸರಿ ಅದರಿ ಸರ?

ನಿವೃತ್ತ ಕನ್ನಡ ಮಾಸ್ತರ
ಲೆಕ್ಕ ಚೊಕ್ಕ ಇದೆಯಮ್ಮ. ನಾಲ್ಕು ಕಡೆಯೂ ನಾಲ್ಕೇ ಮಾತ್ರೆ.

ಕಾಗಿಣಾ ದಂಡಿ
ಅಕ್ಕಾರ, ಲಯ ಮಸ್ತ್ ಅದ. ಆದ್ರ ನಮ್ಮಪ್ಪ ಜನ್ಮದಾಗ ‘ಬೀರು’ ಅಂದವರಲ್ಲ, ನಮ್ಮ ಕಡಿ ಯಾರೂ ಅನ್ನಲ್ಲ. ಕಪಾಟು ಅಂತೀವಿ. ಬರೇ ‘ಬೀರು’ ಓದಿ ಹತ್ತನೇತ್ತಿ ಹುಡುಗ್ರು ನಗತಾರ, ಅದು ಬ್ಯಾರೆ ಮಾತು 😄 ‘ಬೀಗದ ಕಪಾಟಿನೊಳಗಿನ ಪುಸ್ತಕ’ ಅಂತ ಮಾಡಿದ್ರ?

ನಿವೃತ್ತ ಕನ್ನಡ ಮಾಸ್ತರ
ಎಣಿಕೆಗೆ ಸರಿ, ನಡಿಗೆಗೆ ಕುಂಟು. ‘ಕಪಾಟಿ’ ಎಂದರೆ ಒಂದು, ಎರಡು, ಒಂದು, ಒಟ್ಟು ನಾಲ್ಕೇ ಮಾತ್ರೆ. ಆದರೆ ಗಣದ ಮೊದಲಿಗೆ ಗಿಡ್ಡ ಅಕ್ಷರ ಬಂದು ಅದರ ಬೆನ್ನಿಗೇ ಎಳೆದ ಅಕ್ಷರ ಬಂದರೆ ಹೆಜ್ಜೆ ತಪ್ಪುತ್ತದೆ. ನಮ್ಮ ಮಾತ್ರಾಗಣಗಳಲ್ಲಿ ಇದನ್ನು ಬಿಟ್ಟೇ ಬರೆಯುತ್ತಾರೆ. ಸಾಲನ್ನು ಟೇಬಲ್ಲಿನ ಮೇಲೆ ತಾಳ ಹಾಕುತ್ತಾ ಹೇಳಿ ನೋಡಿ. ತಾಳ ‘ಕ’ದ ಮೇಲೆ ಬೀಳುತ್ತದೆ, ನಾಲಿಗೆ ಮಾತ್ರ ‘ಪಾ’ ಮೇಲೆ ಒತ್ತು ಹಾಕುತ್ತದೆ. ಎರಡೂ ಕೂಡುವುದಿಲ್ಲ.

ಹಾಗಂತ ಮನೆಮಾತನ್ನು ಬಿಡಬೇಕಾಗಿಲ್ಲ, ನಡಿಗೆಯನ್ನೇ ಬದಲಾಯಿಸಿ. ನಾಲ್ಕರ ಬದಲು ಐದು ಮಾತ್ರೆ ಹಿಡಿಯಿರಿ:

ಬೀಗದ ಕ / ಪಾಟಿನಲಿ

ಈಗ ‘ಕ’ ಹಿಂದಿನ ಗಣದ ಬಾಲವಾಯಿತು, ‘ಪಾ’ ಮುಂದಿನ ಗಣದ ತಲೆಯಾಯಿತು. ತಾಳವೂ ಒತ್ತೂ ಒಂದೇ ಕಡೆ ಬಿದ್ದವು. ಪದದ ನಡುವೆ ಗಣ ಮುರಿದರೆ ದೋಷವೇನಿಲ್ಲ, ಓದುವಾಗ ಯಾರೂ ಅಲ್ಲಿ ನಿಲ್ಲುವುದಿಲ್ಲ.

ಬಿದ್ರಿ ಹೂಜಿ
ಸರ, ತಾಳ ಹಾಕಿ ನೋಡ್ದೆ. ಖರೇ ಅದ. ಆದ್ರೂ ಸಾಲಿನ ಕಡೀಗಿ ಪ್ರಾಸ ಇಲ್ಲಾಂದ್ರ ಜನಕ್ಕ ಪದ್ಯ ಅನಸಂಗಿಲ್ಲ ಅಂತೀನಿ ನಾ.

ನಿವೃತ್ತ ಕನ್ನಡ ಮಾಸ್ತರ
ಎರಡೂ ಇಟ್ಟರೆ ಬೇಡ ಎನ್ನುವುದಿಲ್ಲ. ಆದರೆ ನಾಲ್ಕೇ ಸಾಲಿನಲ್ಲಿ ಎರಡೂ ಕಡೆ ಪ್ರಾಸ ಕಟ್ಟಲು ಹೋದರೆ ಅರ್ಥ ಬಾಗಬೇಕಾಗುತ್ತದೆ. ‘ಚೇತನ’ಕ್ಕೆ ‘ಪಾವನ’ ಬರುವುದು ಹಾಗೆಯೇ. ಪಾವನವಾದದ್ದು ಏನು ಎಂದು ಕೇಳಿದರೆ ಕವಿಗೇ ಗೊತ್ತಿರುವುದಿಲ್ಲ.

ಕಲ್ಲಿನ ಮೇಲೆ ಪದ್ಯ ಹಾಕಿಸುವುದು ನಮಗೆ ಹೊಸದೂ ಅಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳೇ ಇವೆ. ಇನ್ನು ನಿಮ್ಮ ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಅಲ್ಲಿನ 1058ರ ಶಾಸನದಲ್ಲಿ ಘಟಿಕಾಸ್ಥಾನ ಎಂಬ ಆಗಿನ ವಿದ್ಯಾಕೇಂದ್ರದ ಪುಸ್ತಕ ನೋಡಿಕೊಳ್ಳುವವರನ್ನು ‘ಸರಸ್ವತೀ ಭಂಡಾರಿಗ’ ಎಂದು ಕರೆದಿದ್ದಾರೆ. ಅವರಿಗೂ ಪಾಠ ಹೇಳುವವರಿಗೂ ಭೂಮಿ ಬಿಟ್ಟಿದ್ದರು.

ಕಾಗಿಣಾ ದಂಡಿ
ನಾಗಾವಿ ನಮ್ಮೂರಿಂದ ಬಾಳ ದೂರಿಲ್ಲರಿ! ಯಲ್ಲಮ್ಮನ ಗುಡಿಗಿ ಹೋಗಿ ಬಂದೀವಿ, ಇದು ಗೊತ್ತಿರಲಿಲ್ಲ. ಪದ್ಯದಾಗ ‘ಭಂಡಾರಿ’ ಅಂತ ಸೇರಸಬಹುದಾ?

ಸುರಪುರದಾಕಿ
ಬ್ಯಾಡ ತಮ್ಮಾ. ಎಂಟನೇತ್ತಿ ಹುಡುಗಿ ನಿಂತು ಓದಬೇಕು, ಯಾರನ್ನೂ ಕೇಳದೇ ತಿಳೀಬೇಕು. ಆ ಶಾಸನದ ಮಾತು ಬ್ಯಾರೆ ಹಾಳಿ ಮ್ಯಾಲ ಬರದು ಲೈಬ್ರರಿ ಒಳಗ ಹಚ್ಚು.

ಸರ ಹೇಳಿದ ಐದರ ನಡಿಗ್ಯಾಗ ನಾ ಮೂರು ಸಾಲು ಮಾಡೀನಿ, ಕಡೀದು ಬರವಲ್ದು:

ಬೀಗದ ಕಪಾಟಿನಲಿ ಪುಸ್ತಕಗಳಂದು
ಬಾಗಿಲಲಿ ನಿಂತೊಬ್ಬ ಹುಡುಗ ನೋಡಿದ್ದ
ಈಗ ಬೀಗವೆ ಇಲ್ಲ, ಒಳಗೆ ಬಾ ಮಗುವೆ

ನಿವೃತ್ತ ಕನ್ನಡ ಮಾಸ್ತರ
ಭೇಷ್! ಬಿಡಿಸಿ ನೋಡೋಣ.

ಬೀಗದ ಕ / ಪಾಟಿನಲಿ / ಪುಸ್ತಕಗ / ಳಂದು
ಬಾಗಿಲಲಿ / ನಿಂತೊಬ್ಬ / ಹುಡುಗ ನೋ / ಡಿದ್ದ
ಈಗ ಬೀ / ಗವೆ ಇಲ್ಲ / ಒಳಗೆ ಬಾ / ಮಗುವೆ

ಮೂರು ಸಲ ಐದು, ಕೊನೆಗೆ ಮೂರು. ಎಲ್ಲೂ ಕುಂಟಿಲ್ಲ. ಮೊದಲ ಸಾಲಿಗೆ ಕ್ರಿಯಾಪದವೇ ಇಲ್ಲ, ಆದರೂ ಅರ್ಥ ನಿಲ್ಲುತ್ತದೆ. ಮೂರನೆಯದು ಬರೆದದ್ದು ಎನಿಸುವುದೇ ಇಲ್ಲ, ಯಾರೋ ಬಾಗಿಲಲ್ಲಿ ನಿಂತು ಕರೆದ ಹಾಗಿದೆ. ನಾಲ್ಕನೆಯದಕ್ಕೆ ‘ಹೋಗು’ ಬಾಕಿ ಇದೆಯಲ್ಲ, ಒಳಗೆ ಕರೆದ ಮಗು ಹೊರಗೆ ಹೋಗುವಾಗ ಏನು ಒಯ್ಯಬೇಕು ಎಂದು ಯೋಚಿಸಿದೆ:

ಹೋಗುವಾಗೊಂದು ಕತೆ ಮನೆಗೆ ಕೊಂಡೊಯ್ಯಿ

ಕಾಗಿಣಾ ದಂಡಿ
ಸರ, ಅಕ್ಕಾರ, ಏನ್ ಹೇಳಬೇಕೋ ತಿಳೀವಲ್ದು. ಮನ್ಯಾಗ ಎಲ್ಲರ ಮುಂದ ಓದಿ ತೋರ್ಸಿದೆ. ಅವ್ವ ಇನ್ನೊಮ್ಮೆ ಓದು ಅಂದ್ಳು.

ಒಂದೇ ಡೌಟು. ‘ಹೋಗುವಾಗ ಒಂದು’ ಅಂತ ಬಿಡಿಸಿ ಬರದ್ರ ಹುಡುಗ್ರಿಗಿ ಓದಾಕ ಸುಲಭ ಅಲ್ಲೇನ್ರಿ?

ನಿವೃತ್ತ ಕನ್ನಡ ಮಾಸ್ತರ
ಬಿಡಿಸಿದರೆ ಒಂದು ಮಾತ್ರೆ ಹೆಚ್ಚಾಗುತ್ತದೆ. ಮೇಲಾಗಿ ‘ಗ ಒಂ’ ಎಂದು ಮತ್ತೆ ಕಪಾಟಿನದೇ ಕುಂಟು ಬರುತ್ತದೆ. ನಾವು ಮಾತಾಡುವಾಗ ಹೇಗೂ ‘ಹೋಗುವಾಗೊಂದು’ ಎಂದೇ ಅನ್ನುತ್ತೇವೆ, ಹಾಗೇ ಇರಲಿ.

ಹಾಜರಿ ಪುಸ್ತಕ
ನಾನು ಯಾದಗಿರಿ ಜಿಲ್ಲೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯ. ಪದ್ಯ ಚೆನ್ನಾಗಿದೆ, ಆದರೆ ನಾನಾಗಿದ್ದರೆ ನಾಲ್ಕನೆಯ ಸಾಲಿಗೆ ಸಹಿ ಹಾಕುತ್ತಿರಲಿಲ್ಲ. ‘ಮನೆಗೆ ಕೊಂಡೊಯ್ಯಿ’ ಎಂದು ಕಲ್ಲಿನಲ್ಲೇ ಬರೆಸಿದ ಮೇಲೆ ಪುಸ್ತಕ ವಾಪಸು ಬರುವುದು ಹೇಗೆ? ದಾಸ್ತಾನು ವಹಿಯಲ್ಲಿ ಪುಸ್ತಕ ಕಡಿಮೆ ಬಿದ್ದರೆ ಕೇಳುವುದು ನಮ್ಮನ್ನೇ. ‘ಬೀಗವೆ ಇಲ್ಲ’ ಎನ್ನುವುದೂ ಸುಳ್ಳಾಗುತ್ತದೆ. ಸಂಜೆ ಕೋಣೆಗೆ ಬೀಗ ಹಾಕದೆ ಇರಲಾಗುತ್ತದೆಯೇ?

ಸುರಪುರದಾಕಿ
ಸರ, ಒಯ್ಯಿ ಅಂದಿದ್ದು ಕತೀಗಿ, ಪುಸ್ತಕಕ್ಕಲ್ಲ 😀 ಹುಡುಗ ಅಲ್ಲೇ ಕುಂತು ಓದಿದ್ರೂ ಕತಿ ಮನೀಗಿ ಹೋಗ್ತದ, ದಾಸ್ತಾನು ವಹ್ಯಾಗ ಒಂದೂ ಕಮ್ಮಿ ಬೀಳಂಗಿಲ್ಲ.

ಹಾಜರಿ ಪುಸ್ತಕ
ಮೇಡಂ, ಈ ಮಾತನ್ನು ಆಡಿಟ್‌ನವರ ಮುಂದೆ ಹೇಳಿ ನೋಡೋಣ. ಇರಲಿ. ರಾತ್ರಿಯ ಬೀಗಕ್ಕೆ ಏನು ಹೇಳುತ್ತೀರಿ?

ಕಾಗಿಣಾ ದಂಡಿ
ಸರ, ರಾತ್ರಿ ಕೋಣೀಗಿ ಬೀಗ ಹಾಕ್ತಾರ, ಖರೇ. ಒಳಗಿನ ರ‍್ಯಾಕಿಗಿ ಬಾಗಿಲಾನೇ ಇಲ್ಲ. ಪದ್ಯದಾಗ ಬೀಗ ಅಂದಿದ್ದು ಕಪಾಟಿನ ಬೀಗ. ಸಾಲಿ ಬಿಟ್ಟಮ್ಯಾಲ ಯಾರೂ ಬಂದು ಆ ಕಲ್ಲು ಓದಂಗಿಲ್ಲ ಅಂತ ನನ್ನ ಲೆಕ್ಕ.

ಹಾಜರಿ ಪುಸ್ತಕ
ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆ ಶಾಲೆಯ ಮುಖ್ಯಗುರುಗಳು ಒಪ್ಪಿದರೆ ಸರಿ. ಏನೇ ಆಗಲಿ, ಕಲ್ಲು ಕೆತ್ತಿಸುವ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಪದ್ಯದ ಪೂರ್ತಿ ಪಾಠ ಓದಿಸಿ, ಠರಾವು ಬರೆಸಿಕೊಳ್ಳಿ. ಆಮೇಲೆ ಬಂದ ಯಾರೋ ‘ನನ್ನ ಹೆಸರೂ ಹಾಕಿ’ ಎಂದು ಕೂತರೆ ತೋರಿಸಲು ಕಾಗದ ಬೇಕು.

ಕಲ್ಲಿನಂಗಡಿ
ಶಹಾಬಾದಿನಾಗ ಕಲ್ಲಿನ ಕೆಲಸ ಮಾಡ್ತೀವಿ. ಕವನದ ಮಾತು ನೀವು ಮುಗಸ್ಕೊಳ್ರಿ, ಕಲ್ಲಿನ ಮಾತು ನಾ ಹೇಳ್ತೀನಿ.

ಎರಡು ಅಡಿ ಕಲ್ಲಿನಾಗ ಎರಡೂ ಕಡಿ ಎರಡೆರಡು ಇಂಚು ಅಂಚು ಬಿಟ್ರ 20 ಇಂಚು ಸಿಗ್ತದ. ನಿಮ್ಮ ಸಾಲು ಒಂದೊಂದು 13, 14 ಅಕ್ಷರದ್ದು, ಎಲ್ಲಾ ಸಮಾಸಮ ಅವ, ಅದು ಚೊಲೋ ಆಯ್ತು. ಮುಕ್ಕಾಲು ಇಂಚಿನ ಅಕ್ಷರ ಆರಾಮ ಕೂಡ್ತದ. ಮದಲಿನ ಪದ್ಯ ತಂದಿದ್ರ ಮೊದಲನೇ ಸಾಲಿಗಿ ಅಕ್ಷರ ಸಣ್ಣ ಮಾಡಬೇಕಿತ್ತು, ಇಲ್ಲಾ ಸಾಲು ಮುರೀಬೇಕಿತ್ತು.

ಕನ್ನಡದಾಗ ಕಷ್ಟ ಕೊಡೋದು ಒತ್ತು. ಕೆಳಗ ಇಳೀತದಲ್ಲ, ಸಾಲಿನ ನಡುವ ಜಾಗ ಬಿಡಲಿಲ್ಲಾಂದ್ರ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗಿ ಬಡೀತದ. ಅಕ್ಷರದ ಎತ್ತರದಷ್ಟೇ ಜಾಗ ನಡುವ ಬಿಡಸ್ರಿ. ನಿಮ್ಮ ಪದ್ಯದಾಗ ಸ್ತ, ಬ್ಬ, ದ್ದ, ಲ್ಲ, ಯ್ಯಿ, ಐದೇ ಒತ್ತು ಅವ. ಮದಲಿನದರಾಗ ‘ಜ್ಞಾ’, ‘ದ್ಯಾ’, ‘ವ್ಯಕ್ತಿತ್ವ’ ಇದ್ವು, ಸಣ್ಣ ಅಕ್ಷರದಾಗ ಅವು ಬಣ್ಣ ತುಂಬಿ ಮುದ್ದಿ ಆಗ್ತಾವ.

ಬಿದ್ರಿ ಹೂಜಿ
ಶಹಾಬಾದ ಕಲ್ಲು ಮನೀ ಮುಂದ ಇಟ್ಕೊಂಡು ಗ್ರಾನೈಟ್ ಯಾಕ್ರಿ? ನಮ್ಮ ಕಲ್ಲು ನಮ್ಮ ಸಾಲಿಗಿ ಅಂತ ಹಾಕಬೇಕಲ್ಲ.

ಕಲ್ಲಿನಂಗಡಿ
ನೆಲಕ್ಕ ಹಾಸ್ರಿ, ಅದಕ್ಕ ಅದರಂಥದ್ದು ಇನ್ನೊಂದಿಲ್ಲ. ಆದ್ರ ಅದು ಸುಣ್ಣದ ಕಲ್ಲು, ಪದರು ಪದರು ಇರ್ತದ. ಸಣ್ಣ ಅಕ್ಷರ ಕೊರದ್ರ ಅಂಚು ಚಕ್ಕಿ ಏಳ್ತದ. ಬೂದಿ ಬಣ್ಣದ ಮ್ಯಾಲ ಅಕ್ಷರ ಎದ್ದು ಕಾಣಂಗಿಲ್ಲ. ಮೂರಿಂಚಿನ ಅಕ್ಷರ ಇದ್ರ ಮಾತು ಬ್ಯಾರೆ.

ಬೆಣ್ಣೆತೊರಾ
ಇದಕ್ಕೆ ನನ್ನದೂ ಒಂದು ಕತೆ ಸೇರಿಸುತ್ತೇನೆ. ನಮ್ಮ ಅಜ್ಜಿಯ ನೆನಪಿಗೆ ಊರಿನ ಬಸ್ ನಿಲ್ದಾಣಕ್ಕೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದೆವು. ಫಲಕದಲ್ಲಿ ‘ಸ್ಮರಣಾರ್ಥ’ ಎಂದಿರಬೇಕಾದಲ್ಲಿ ‘ಸ್ಮರಣಾಥ’ ಎಂದು ಬಂತು. ನಾನು ಮೊಬೈಲಿನಲ್ಲಿ ಸರಿಯಾಗಿಯೇ ಕಳಿಸಿದ್ದೆ. ಅಂಗಡಿಯವರು ಮತ್ತೆ ಟೈಪ್ ಮಾಡುವಾಗ ಅರ್ಕಾವತ್ತು ಬಿಟ್ಟರು. ಕಲ್ಲು ಗೋಡೆಗೆ ಕೂತ ಮೇಲೆ ನೋಡಿದೆವು. ಅಜ್ಜಿಗೆ ಓದಲು ಬರುತ್ತಿರಲಿಲ್ಲ ಎಂದು ಮಾವ ಸಮಾಧಾನ ಹೇಳಿದರು, ಉಳಿದವರಿಗೆ ಬರುತ್ತದಲ್ಲ!

ಕಲ್ಲಿನಂಗಡಿ
ಇದು ದಿನಾ ಆಗೋ ಮಾತು ಅಕ್ಕಾರ. ನೀವು ಮೊಬೈಲಿನಾಗ ಬರೆಯೋದು ಯೂನಿಕೋಡ್. ಎಷ್ಟೋ ಅಂಗಡ್ಯಾಗ ಕೋರಲ್ ಡ್ರಾದ ಹಳೇ ಆವೃತ್ತಿ, ಅದರಾಗ ಹಳೇ ನುಡಿ ಫಾಂಟು. ನಿಮ್ಮ ಮೆಸೇಜು ಅಲ್ಲಿ ಅಂಟಿಸಿದ್ರ ಬರೇ ಡಬ್ಬಿ ಡಬ್ಬಿ ಕಾಣ್ತಾವ, ಇಲ್ಲಾ ಒತ್ತು ಬಿಟ್ಟು ಪಕ್ಕಕ್ಕ ಹೋಗಿ ಕುಂದರ್ತಾವ. ಆವಾಗ ಹುಡುಗ ತಾನೇ ಮತ್ತ ಟೈಪ್ ಹೊಡೀತಾನ, ತಪ್ಪು ಅಲ್ಲೇ ಹುಟ್ಟೋದು.

ಅದಕ್ಕ ನೀವೇ ಅಕ್ಷರ ಚಿತ್ರ ಮಾಡಿ ಪಿಡಿಎಫ್ ಕೊಡ್ರಿ, ಯಾರೂ ಮತ್ತ ಟೈಪ್ ಮಾಡಂಗಿಲ್ಲ. ಕೊರೆಯೋಕಿಂತ ಮದಲ ಕಲ್ಲಿನ ಅಳತೀದೇ ಕಾಗದದ ಪ್ರಿಂಟು ಕೇಳ್ರಿ. ಅದನ್ನ ಗ್ವಾಡಿಗಿ ಹಚ್ಚಿ, ಆರು ಅಡಿ ದೂರ ನಿಂತು, ಪದ್ಯ ಗೊತ್ತಿಲ್ಲದವ್ರ ಕಡಿಂದ ಓದಸ್ರಿ. ಬರದವ್ರು ಓದಿದ್ರ ಇಲ್ಲದ ಒತ್ತೂ ಕಾಣ್ತದ ಅವ್ರಿಗಿ. ಬಂಗಾರದ ಬಣ್ಣ ತುಂಬಸ್ಬ್ಯಾಡ್ರಿ, ಬಿಸಲಿಗಿ ಬಾಗಿಲ ಹೊರಗ ಇದ್ರ ಮಾಸ್ತದ. ಬಿಳಿ ಬಣ್ಣ ಇರ್ಲಿ, ಹೋದ್ರೂ ಮತ್ತ ತುಂಬಸ್ಲಿಕ್ಕಿ ಬರ್ತದ.

ಸುರಪುರದಾಕಿ
ಪ್ರಿಂಟಿನ ತನಕ ಯಾಕ, ನಾ ಪದ್ಯ ನಮ್ಮ ಎಂಟನೇತ್ತಿ ಬೋರ್ಡಿನ ಮ್ಯಾಲ ಬರದು ಓದಿಸ್ದೆ. ಯಾರ ಪದ್ಯ ಅಂತ ಹೇಳಲಿಲ್ಲ. ಓದೋದ್ರಾಗ ಎಲ್ಲೂ ಎಡವಲಿಲ್ಲ, ‘ಕೊಂಡೊಯ್ಯಿ’ ಹತ್ರ ಇಬ್ಬರು ಸ್ವಲ್ಪ ತಡೆದ್ರು ಅಷ್ಟೇ. ಆಮ್ಯಾಲ ಒಬ್ಬಾಕಿ ಕೇಳಿದ್ಳು, ‘ಟೀಚರ್, ಆ ಹುಡುಗ ಯಾರು?’ ಅಂತ. ಅದಕ್ಕ ಹೇಳ್ತೀನಿ ತಮ್ಮಾ, ಪದ್ಯದ ಮ್ಯಾಲಿನ ಹೆಸರಿನ ಸಾಲಿನಾಗ ‘ಈ ಶಾಲೆಯ ವಿದ್ಯಾರ್ಥಿ, 1974’ ಅಂತ ಇರಲೇಬೇಕು. ಅದಿದ್ರ ಹುಡುಗ ಯಾರಂತ ತಾವೇ ತಿಳ್ಕೋತಾರ. ‘ದಾನಿಗಳು, ಸಮಾಜ ಸೇವಕರು’ ಅಂತೆಲ್ಲಾ ಹಾಕಿದ್ರ ಅದು ತಿಳಿಯಂಗಿಲ್ಲ.

ಕಾಗಿಣಾ ದಂಡಿ
ಹಂಗೇ ಮಾಡ್ತೀನ್ರಿ ಅಕ್ಕಾರ. ಆದ್ರ ಮನ್ಯಾಗ ಹೊಸ ತಕರಾರು ಬಂದದ. ನಮ್ಮಕ್ಕ ಪುಣೆಯಿಂದ ಫೋನ್ ಮಾಡಿ, ‘ಅಪ್ಪಗ ನೋಡಿದ್ದ ಅಂತ ಏಕವಚನದಾಗ ಬರಸ್ತಿಯೇನು? ಕಲ್ಲಿನ ಮ್ಯಾಲ?’ ಅಂತ ಸಿಟ್ಟಾಗ್ಯಾಳ. ಆವಾಗ ಅಪ್ಪ ಸಣ್ಣ ಹುಡುಗ ಇದ್ದ ಅಂದ್ರೂ ಕೇಳವಲ್ಳು. ‘ನೋಡಿದ್ದರು’ ಮಾಡ್ಲಿಕ್ಕಿ ಆಗ್ತದೇನ್ರಿ ಸರ?

ನಿವೃತ್ತ ಕನ್ನಡ ಮಾಸ್ತರ
‘ಹುಡುಗ ನೋಡಿದ್ದರು’ ಎಂದರೆ ಮಾತ್ರೆಯೂ ಕೆಡುತ್ತದೆ, ವ್ಯಾಕರಣವೂ ಕೆಡುತ್ತದೆ. ಅಕ್ಕನ ಮಾತನ್ನೂ ತೆಗೆದುಹಾಕುವಂತಿಲ್ಲ. ಹಾಗಾದರೆ ತಂದೆಯವರೇ ಮಾತಾಡಲಿ:

ಬಾಗಿಲಲಿ / ನಿಂತು ನಾ / ನೆಷ್ಟು ನೋ / ಡಿದ್ದೆ

‘ಬಾಗಿಲಲಿ ನಿಂತು ನಾನೆಷ್ಟು ನೋಡಿದ್ದೆ.’ ಲೆಕ್ಕ ಅದೇ, ಪ್ರಾಸ ಅದೇ. ‘ನಾನು’ ಎಂದಾಗ ಏಕವಚನ ಬಹುವಚನದ ಪ್ರಶ್ನೆಯೇ ಬರುವುದಿಲ್ಲ. ‘ಒಳಗೆ ಬಾ ಮಗುವೆ’ ಎನ್ನುವವರು ಯಾರು ಎಂಬುದಕ್ಕೂ ಉತ್ತರ ಸಿಗುತ್ತದೆ.

ಸುರಪುರದಾಕಿ
ಸರ, ನಂಗ ಹುಡುಗ ಇದ್ದಿದ್ದೇ ಚೊಲೋ ಅನಸ್ತದ. ಬಾಗಿಲಾಗ ನಿಂತ ಹುಡುಗನ್ನ ನೋಡಿ ನಮ್ಮ ಹುಡುಗ್ರು ತಾವೇ ಅವನು ಅನ್ಕೋತಾರ. ‘ನಾನು’ ಅಂದ್ರ ಫೋಟೋದಾಗಿನ ಅಜ್ಜ ಮಾತಾಡಿದಂಗ ಆಗ್ತದ.

ಬಿದ್ರಿ ಹೂಜಿ
ನನ್ನ ಓಟು ‘ನಾನೆಷ್ಟು’ಕ್ಕ. ತೀರಿಕೊಂಡವ್ರು ತಾವೇ ಕರದಂಗ ಇರ್ತದ. ಕಡೀ ಪ್ರಾಸ ಇಲ್ಲದಿದ್ರೂ ನಡೀತದ ಅಂತ ಒಪ್ಕೊಂಡೀನಿ, ಇದೊಂದು ನನ್ನ ಮಾತು ಕೇಳ್ರಿ.

ಹಾಜರಿ ಪುಸ್ತಕ
ತೀರಿಕೊಂಡವರ ಬಾಯಲ್ಲಿ ಅವರು ಆಡದ ಮಾತನ್ನು ಇಡುವುದು ನನಗೆ ಸರಿ ಕಾಣದು. ಹುಡುಗನೇ ಇರಲಿ.

ಕಾಗಿಣಾ ದಂಡಿ
ಎರಡೂ ಪಾಠ ಪಿಡಿಎಫ್ ಮಾಡೀನಿ. ಅಕ್ಕ ಐತವಾರ ಊರಿಗಿ ಬರ್ತಾಳ, ಎರಡೂ ಕಾಗದ ಗ್ವಾಡಿಗಿ ಹಚ್ಚಿ ಆಕಿ ಕಡಿಂದ, ಅವ್ವನ ಕಡಿಂದ ಓದಸ್ತೀನಿ. ಸೋಮವಾರ ಎಸ್‌ಡಿಎಂಸಿ ಮೀಟಿಂಗ್ ಅದ. ಕಲ್ಲಿನಂಗಡಿ ಅಣ್ಣಾ, ಮಂಗಳವಾರ ಫೈಲ್ ಕೊಟ್ರ ಕಲ್ಲು ಯಾವಾಗ ಸಿಗ್ತದ?

ಕಲ್ಲಿನಂಗಡಿ
ಕರೆಂಟ್ ಕೈ ಕೊಡಲಿಲ್ಲಾಂದ್ರ ಶನಿವಾರ. ಫೈಲ್ ಒಂದೇ ಕಳಸ್ರಿ, ಎರಡು ಕಳಸಿದ್ರ ನಮ್ಮ ಹುಡುಗ ಬ್ಯಾಡಾದದ್ದೇ ಕೊರೀತಾನ.

ತೊಗರಿ ಕಣಜ
ಕಾಗಿಣಾ ಅಣ್ಣಾ, ಆ ತೆರೆದ ರ‍್ಯಾಕು ಎಲ್ಲಿ ಮಾಡಿಸಿದ್ರಿ, ಕಬ್ಬಣದ್ದೋ ಕಟ್ಟಿಗೀದೋ?